ಹೆಡ್‌ಮಾಸ್ಟರ್ ಬಡ್ತಿ: ಹೂಂ ಅನ್ನುವ ಮೊದಲು, ಬೇಡ ಅನ್ನುವ ಮೊದಲು

ನಮ್ಮ ಕಡೆ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಬಡ್ತಿ ಬಂತು ಅಂದರೆ ಊರವರು ಸ್ವೀಟ್ ಕೇಳುತ್ತಾರೆ. ಬಡ್ತಿ ಬೇಡ ಅಂದರೆ ತಲೆ ಕೆಟ್ಟಿದೆಯಾ ಅಂತ ಕೇಳುತ್ತಾರೆ. ನನ್ನ ಪ್ರಕಾರ ಎರಡೂ ಆತುರದ ಮಾತು. ಬಡ್ತಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಹುದ್ದೆಯ ಹೆಸರಿನಲ್ಲಿಲ್ಲ. ಯಾವ ಶಾಲೆ, ಅಲ್ಲಿ ದಿನಕ್ಕೆ ಏನೇನು ಕೆಲಸ, ಬೇಡ ಅಂದರೆ ಏನು ಉಳಿಯುತ್ತೆ ಅನ್ನುವುದರಲ್ಲಿದೆ.

ನಮ್ಮ ಚಿಕ್ಕಮ್ಮನ ವಿಷಯವನ್ನೇ ತೆಗೆದುಕೊಳ್ಳಿ. ಹಿರಿಯ ಪ್ರಾಥಮಿಕ ಶಾಲೆಯಲ್ಲಿ 22 ವರ್ಷದ ಸರ್ವಿಸ್. ಐದನೇ ತರಗತಿಗೆ ಭಿನ್ನರಾಶಿ ಹೇಳಿಕೊಡೋದು ಅಂದರೆ ಊಟ ಬಿಟ್ಟು ನಿಲ್ಲುತ್ತಾರೆ. ಈ ಸಲ ಮುಖ್ಯ ಶಿಕ್ಷಕರ ಬಡ್ತಿ ಪಟ್ಟಿಯಲ್ಲಿ ಅವರ ಹೆಸರು ಬಂದಿದೆ. ಮನೆಯವರೆಲ್ಲ ಖುಷಿ, ಅವರೊಬ್ಬರೇ ಗಪ್‌ಚುಪ್. "ಪಾಠ ಮಾಡೋಳನ್ನ ತಗೊಂಡೋಗಿ ಅಕ್ಕಿ ಲೆಕ್ಕಕ್ಕೆ ಕೂರಿಸ್ತಾರೆ ಕಣೋ, ನಂಗೆ ಬೇಡ" ಅಂದರು.

"ಬೇಡ ಅನ್ನೋದು ಸರಿ ಚಿಕ್ಕಮ್ಮ, ಅದರಲ್ಲಿ ಯಾವುದು ಬೇಡ?" ಅಂತ ಕೇಳಿದೆ. ಹೋದ ವರ್ಷ ಅವರ ಹೆಡ್‌ಮಾಸ್ಟರ್ ಎರಡು ವಾರ ರಜೆ ಹಾಕಿದಾಗ ಚಿಕ್ಕಮ್ಮನೇ ಪ್ರಭಾರದಲ್ಲಿದ್ದರು. ಆ ದಿನಗಳನ್ನು ನೆನಪು ಮಾಡಿಕೊಂಡು, ಬೆಳಗ್ಗೆಯಿಂದ ಸಂಜೆವರೆಗೆ ಮಾಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯೋಣ ಅಂತ ಕೂತೆವು.

ಮೊದಲು ಬಂದಿದ್ದು ಬಿಸಿಯೂಟ. ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಮೇಲಿನ ಮಗುವಿಗೆ 150 ಗ್ರಾಂ. ಇವತ್ತು ಚಿಕ್ಕ ತರಗತಿಗಳಲ್ಲಿ 60 ಮಕ್ಕಳು ಬಂದರೆ 6 ಕೆಜಿ, ಆರು ಏಳನೇ ತರಗತಿಯಲ್ಲಿ 30 ಮಕ್ಕಳು ಬಂದರೆ ನಾಲ್ಕೂವರೆ ಕೆಜಿ. ಒಟ್ಟು ಹತ್ತೂವರೆ ಕೆಜಿ ಅಕ್ಕಿ ಗೋದಾಮಿನಿಂದ ಆಚೆ ಬರಬೇಕು, ಅಷ್ಟೇ ಪುಸ್ತಕದಲ್ಲೂ ಖರ್ಚು ಬೀಳಬೇಕು. ಎಷ್ಟು ಮಕ್ಕಳು ಉಂಡರು ಅನ್ನುವ ಸಂಖ್ಯೆ ದಿನಾ ಆನ್‌ಲೈನ್‌ನಲ್ಲಿ ಹೋಗಬೇಕು. ಹಾಜರಿ, ಅಕ್ಕಿ ಪುಸ್ತಕ, ಕಳಿಸಿದ ಸಂಖ್ಯೆ, ಮೂರೂ ಒಂದೇ ಇರಬೇಕು. ತಪಾಸಣೆಗೆ ಬಂದವರು ಮೊದಲು ನೋಡುವುದೇ ಇದನ್ನ.

ಬರೆದು ನೋಡಿದಾಗ ಒಂದು ವಿಷಯ ಗೊತ್ತಾಯಿತು. ಈ ಲೆಕ್ಕ ಮೊದಲ ದಿನ ಒಂದೂವರೆ ಗಂಟೆ ತಿಂದಿತ್ತು. ಎರಡನೇ ವಾರಕ್ಕೆ ಇಪ್ಪತ್ತು ನಿಮಿಷಕ್ಕೆ ಇಳಿದಿತ್ತು. ಅಂದರೆ ಚಿಕ್ಕಮ್ಮನಿಗೆ ಇದರ ಮೇಲೆ ಇದ್ದದ್ದು ಬೇಜಾರಲ್ಲ, ಗೊತ್ತಿಲ್ಲ ಅನ್ನುವ ಭಯ. ಇಂಥ ಭಯ ಕೈ ಪಳಗಿದ ಮೇಲೆ ಹೋಗುತ್ತೆ.

ಆದರೆ ಅದೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲಿತ್ತು. ಅಡುಗೆಯವರಿಬ್ಬರಿಗೆ ಜಗಳ, ಎಸ್‌ಡಿಎಂಸಿ ಅಧ್ಯಕ್ಷರ ಜೊತೆ ವಾದ, ತಡವಾಗಿ ಬರುವ ಜೊತೆ ಶಿಕ್ಷಕರನ್ನ ಕೇಳುವುದು. ಎರಡು ವಾರದಲ್ಲಿ ಇದು ಒಂದು ಚೂರೂ ಸಲೀಸಾಗಲಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ ಅಂದರು. ಸ್ವಭಾವಕ್ಕೆ ಒಗ್ಗದ್ದು ಅಂದರೆ ಇದು. ಹತ್ತು ವರ್ಷ ಕುರ್ಚಿಯಲ್ಲಿ ಕೂತರೂ ಇದು ಅಷ್ಟು ಬೇಗ ಬದಲಾಗಲ್ಲ. ಬಡ್ತಿ ಬೇಡ ಅನ್ನುವುದಕ್ಕೆ ನಿಜವಾದ ಕಾರಣ ಇದ್ದರೆ ಅದು ಇಂಥ ಸಾಲುಗಳಲ್ಲೇ ಇರುತ್ತೆ.

ಜವಾಬ್ದಾರಿಯ ಭಾರವನ್ನೂ ಹಗುರ ಮಾಡಿ ಹೇಳಬಾರದು. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಹಳ್ಳಿ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. 2016ರಲ್ಲಿ ಆ ಶಾಲೆಯ ಮುಖ್ಯ ಶಿಕ್ಷಕಿಗೆ ಕೋರ್ಟ್ ಜೈಲು ಶಿಕ್ಷೆ ಕೊಟ್ಟಿತು. ಮಕ್ಕಳಿಗಿಂತ ಮೊದಲು ದೊಡ್ಡವರು ರುಚಿ ನೋಡಬೇಕು ಅನ್ನುವ ನಿಯಮ ಸುಮ್ಮನೆ ಇಲ್ಲ. ದಿನಾ ನಿಂತು ಅದನ್ನ ಮಾಡಿಸುವ ಮನಸ್ಸಿಲ್ಲದವರು ಈ ಕುರ್ಚಿಗೆ ಹೋಗದಿರುವುದೇ ಮಕ್ಕಳಿಗೆ ಒಳ್ಳೆಯದು.

ಹಾಗಾದರೆ ಬೇಡ ಅಂದುಬಿಟ್ಟರೆ ಮುಗಿಯಿತಾ? ಇಲ್ಲ. ಹಳ್ಳಿ ಶಾಲೆಗಳಲ್ಲಿ ಹೆಡ್‌ಮಾಸ್ಟರ್ ಇಲ್ಲದಿದ್ದರೆ ಅಲ್ಲಿರುವ ಹಿರಿಯ ಶಿಕ್ಷಕರಿಗೇ ಪ್ರಭಾರ ಬರುತ್ತೆ. ಚಿಕ್ಕಮ್ಮನ ಶಾಲೆಯ ಹೆಡ್‌ಮಾಸ್ಟರ್ ಇನ್ನೆರಡು ವರ್ಷಕ್ಕೆ ರಿಟೈರ್. ಆಮೇಲೆ ಅಲ್ಲಿ ಎಲ್ಲರಿಗಿಂತ ಹಿರಿಯರು ಇವರೇ. ಇವತ್ತು ಬಡ್ತಿ ಬಿಟ್ಟುಕೊಟ್ಟು, ನಾಳೆ ಆ ಜಾಗಕ್ಕೆ ಯಾರೂ ಬರದಿದ್ದರೆ, ಅದೇ ಅಕ್ಕಿ ಪುಸ್ತಕ, ಅದೇ ಜಗಳ ಇವರ ತಲೆಗೇ. ಹುದ್ದೆ ಇರಲ್ಲ, ಕೆಲಸ ಮಾತ್ರ ಇರುತ್ತೆ.

ದುಡ್ಡಿನ ಲೆಕ್ಕವೂ ಇದೆ. ಬಡ್ತಿಯೇ ಸಿಗದೆ 10, 15, 20 ವರ್ಷ ಒಂದೇ ಹುದ್ದೆಯಲ್ಲಿ ಇದ್ದವರಿಗೆ ಸರ್ಕಾರ ವೇತನದಲ್ಲಿ ಮೇಲಕ್ಕೆ ಹಾಕುತ್ತೆ, ಆಮೇಲೆ 25 ಮತ್ತು 30 ವರ್ಷಕ್ಕೂ ಇದೆ. ಮೊದಲ ಮೂರು ಚಿಕ್ಕಮ್ಮನಿಗೆ ಆಗಲೇ ಸಿಕ್ಕಿವೆ. ಹಾಗಾಗಿ ಬಡ್ತಿಯಿಂದ ಸಂಬಳ ಎಷ್ಟು ಏರುತ್ತೆ ಅನ್ನುವುದನ್ನ ಅಂದಾಜಿನಲ್ಲಿ ನಂಬಬೇಡಿ. ಬಡ್ತಿ ತಗೊಂಡರೆ ಮೂಲ ವೇತನ ಎಷ್ಟು, ಬಿಟ್ಟರೆ ಎಷ್ಟು, ಬಿಟ್ಟರೆ 25ನೇ ವರ್ಷದ್ದು ಸಿಗುತ್ತಾ ಇಲ್ಲವಾ ಅಂತ ಬಿಇಒ ಕಚೇರಿಯ ವಿಷಯ ನಿರ್ವಾಹಕರಲ್ಲಿ ಅರ್ಜಿ ಕೊಟ್ಟು ಬರಹದಲ್ಲೇ ಉತ್ತರ ತಗೊಳ್ಳಿ. ಬಾಯಿಮಾತಲ್ಲಿ ಹೇಳಿದ್ದು ಆಮೇಲೆ ಲೆಕ್ಕಕ್ಕೆ ಬರಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಜಾಗ. ಕೌನ್ಸೆಲಿಂಗ್‌ನಲ್ಲಿ ಖಾಲಿ ಶಾಲೆಗಳ ಪಟ್ಟಿ ಹಾಕುತ್ತಾರೆ, ಜ್ಯೇಷ್ಠತೆ ಪ್ರಕಾರ ಒಬ್ಬೊಬ್ಬರೇ ಆರಿಸಿಕೊಳ್ಳಬೇಕು. ಎಲ್ಲರೂ ಮನೆಗೆ ಹತ್ತಿರದ್ದನ್ನ ನೋಡುತ್ತಾರೆ. ಆದರೆ ಮನೆಯಿಂದ 6 ಕಿ.ಮೀ. ದೂರದ ಶಾಲೆಯಲ್ಲಿ ಏಳು ತರಗತಿಗೆ ಇಬ್ಬರೇ ಶಿಕ್ಷಕರಿದ್ದರೆ, ಹೆಡ್‌ಮಾಸ್ಟರ್ ಪಾಠವನ್ನೂ ಮಾಡಬೇಕು, ಕಚೇರಿಯನ್ನೂ ನೋಡಬೇಕು, ಎರಡೂ ಕೆಡುತ್ತವೆ. 20 ಕಿ.ಮೀ. ದೂರದಲ್ಲಿ ಐದು ಜನ ಶಿಕ್ಷಕರಿರುವ ಶಾಲೆಯಲ್ಲಿ ದಿನಕ್ಕೆ ಎರಡು ಪೀರಿಯಡ್ ಗಣಿತ ತನಗೆ ಅಂತ ಇಟ್ಟುಕೊಳ್ಳಬಹುದು. ಚಿಕ್ಕಮ್ಮನಿಗೆ ಬೇಕಿರುವುದು ಆ ಎರಡು ಪೀರಿಯಡ್ಡೇ.

ಹಾಗಾಗಿ ಪಟ್ಟಿ ಬಂದ ತಕ್ಷಣ ಶಾಲೆಗೆ ಹೋಗಿ ನೋಡಿ. ಎಷ್ಟು ಹುದ್ದೆ ಇದೆ ಅಂತ ಕೇಳಬೇಡಿ, ಎಷ್ಟು ಜನ ಇದ್ದಾರೆ ಅಂತ ಕೇಳಿ. ಎಸ್‌ಡಿಎಂಸಿ ಖಾತೆ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಸಹಿಯಲ್ಲಿ ನಡೆಯುತ್ತೆ. ಅದರ ನಗದು ಪುಸ್ತಕ ಕೊನೆಗೆ ಬರೆದದ್ದು ಯಾವಾಗ ಅಂತ ವಿಚಾರಿಸಿ. ತಿಂಗಳುಗಟ್ಟಲೆ ಬಾಕಿ ಇದ್ದರೆ ಅಲ್ಲಿ ಏನೋ ಗೋಜಲು ಇದೆ ಅಂತಲೇ ಅರ್ಥ. ಅಧಿಕಾರ ವಹಿಸಿಕೊಳ್ಳುವ ದಿನ ಅಕ್ಕಿ ತೂಗಿಸಿ, ಸಿಲಿಂಡರ್, ಕಂಪ್ಯೂಟರ್ ಎಣಿಸಿ, ಕಡಿಮೆ ಇದ್ದದ್ದನ್ನ ಚಾರ್ಜ್ ಪಟ್ಟಿಯಲ್ಲೇ ಬರೆದು ಸಹಿ ಹಾಕಿ. ಹಾರ ಹಾಕಿಸಿಕೊಂಡು ಕಣ್ಣುಮುಚ್ಚಿ ಸಹಿ ಮಾಡಿದರೆ ಹಿಂದಿನವರ ಕೊರತೆ ನಿಮ್ಮ ಹೆಸರಿಗೆ ಬರುತ್ತೆ.

ಮುಂದಿನ ವಾರ ಕೌನ್ಸೆಲಿಂಗ್. ಚಿಕ್ಕಮ್ಮ ಎರಡು ಶಾಲೆ ಗುರುತು ಮಾಡಿಟ್ಟಿದ್ದಾರೆ, ಎರಡನ್ನೂ ಹೋಗಿ ನೋಡಿ ಬಂದಿದ್ದಾರೆ. ತನ್ನ ಸರದಿ ಬರುವಾಗ ಅದರಲ್ಲಿ ಒಂದು ಉಳಿದಿದ್ದರೂ ಬಡ್ತಿ ತಗೋತೀನಿ, ಎರಡೂ ಹೋಗಿದ್ದರೆ ಬೇಡ ಅಂತ ಬರೆದುಕೊಟ್ಟು ಬರ್ತೀನಿ ಅಂದಿದ್ದಾರೆ. ಎರಡು ವರ್ಷದ ಮೇಲೆ ಪ್ರಭಾರ ಬಂದರೂ ಗುರುತಿರುವ ಮಕ್ಕಳು, ಗುರುತಿರುವ ಊರು, ನೋಡಿಕೊಳ್ಳೋಣ ಅನ್ನುತ್ತಾರೆ. ಸ್ವೀಟ್ ಕೇಳಲು ಬಂದ ಪಕ್ಕದ ಮನೆಯವರಿಗೂ ಹೀಗೇ ಹೇಳಿದರಂತೆ. ಅವರಿಗೆ ಅರ್ಥವಾಗಲಿಲ್ಲ. ನನಗೆ ಮಾತ್ರ ಇದು ತಲೆ ಕೆಟ್ಟವರ ಮಾತು ಅನಿಸಲಿಲ್ಲ.