ತಂತ್ರಾಂಶದ ಕೆಲಸ ‘ಮುಗಿಯಿತು’ ಎಂದು ಒಪ್ಪುವುದು ಯಾವಾಗ?

ಬಿಲ್ಲಿಂಗ್ ತಂತ್ರಾಂಶದಲ್ಲಿ ಬದಲಾವಣೆ ಮಾಡಿಸಿಕೊಂಡಿರುವ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಈ ತಕರಾರು ಹೊಸದೇನಲ್ಲ. ಕೆಲಸ ಮುಗಿಯಿತೆಂದು ತಂತ್ರಾಂಶ ರಚಿಸಿದವರು ಕೊನೆಯ ಕಂತಿನ ಹಣ ಕೇಳುತ್ತಾರೆ. ಅದನ್ನು ಪರೀಕ್ಷಿಸಿದವರು ಮುಗಿದಿಲ್ಲವೆನ್ನುತ್ತಾರೆ. ಆರ್ಡರಿನ ಪ್ರತಿಯನ್ನು ತೆಗೆದು ನೋಡಿದರೆ ಅಲ್ಲಿರುವುದು “ತೆರಿಗೆಯನ್ನು ಸರಿಯಾಗಿ ಲೆಕ್ಕ ಹಾಕತಕ್ಕದ್ದು” ಎಂಬ ಒಂದೇ ವಾಕ್ಯ. ಈ ವಾಕ್ಯಕ್ಕೆ ಇಬ್ಬರದೂ ಒಪ್ಪಿಗೆಯಿದೆ. ‘ಸರಿಯಾಗಿ’ ಎಂಬ ಪದಕ್ಕೆ ಮಾತ್ರ ಇಬ್ಬರೂ ತಮ್ಮದೇ ಅರ್ಥ ಇಟ್ಟುಕೊಂಡಿದ್ದಾರೆ. ಇದರಲ್ಲಿ ಅವರಿಬ್ಬರನ್ನು ದೂಷಿಸಿ ಪ್ರಯೋಜನವಿಲ್ಲ. ಆ ಪದದ ಅರ್ಥವನ್ನು ಕೆಲಸ ಆರಂಭವಾಗುವ ಮೊದಲೇ ನಿಗದಿಪಡಿಸಬೇಕಾದವರು ಆರ್ಡರ್ ಕೊಡುವ ನಾವೇ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ತಂತ್ರಾಂಶ ಕ್ಷೇತ್ರದಲ್ಲಿ ಒಂದು ಸರಳ ಬರವಣಿಗೆಯ ಕ್ರಮ ಬಳಕೆಯಲ್ಲಿದೆ. ಡ್ಯಾನ್ ನಾರ್ತ್ ಮತ್ತು ಕ್ರಿಸ್ ಮ್ಯಾಟ್ಸ್ ಎಂಬುವರು 2000ರ ದಶಕದಲ್ಲಿ ರೂಪಿಸಿದ ಈ ಕ್ರಮಕ್ಕೆ ‘ಗಿವನ್, ವೆನ್, ದೆನ್’ ಎಂದು ಹೆಸರು. ನಮ್ಮ ಮಾತಿನಲ್ಲಿ ‘ಹೀಗಿರುವಾಗ, ಹೀಗೆ ಮಾಡಿದರೆ, ಹೀಗಾಗಬೇಕು’ ಎನ್ನಬಹುದು. ಮೊದಲ ಸಾಲಿನಲ್ಲಿ ಆಗಲೇ ಇರುವ ಪರಿಸ್ಥಿತಿ, ಎರಡನೆಯದರಲ್ಲಿ ನಡೆಯುವ ಒಂದೇ ಒಂದು ಕ್ರಿಯೆ, ಮೂರನೆಯದರಲ್ಲಿ ಕಣ್ಣಿಗೆ ಕಾಣಬೇಕಾದ ಫಲಿತಾಂಶ. ಇಂತಹ ಪ್ರತಿಯೊಂದು ಉದಾಹರಣೆಯೂ ಕೆಲಸವನ್ನು ಒಪ್ಪಿಕೊಳ್ಳುವುದಕ್ಕೆ ಒಂದು ಷರತ್ತಾಗುತ್ತದೆ.

ನಮ್ಮ ವ್ಯವಹಾರದಿಂದಲೇ ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ. ಪೀಣ್ಯದ ಒಂದು ಕಾರ್ಖಾನೆ ಹೊಸೂರಿನ ವರ್ತಕರೊಬ್ಬರಿಗೆ 1,00,000 ರೂಪಾಯಿ ಬೆಲೆಯ, ಶೇ. 18ರ ತೆರಿಗೆಯ ಸರಕನ್ನು ಮಾರುತ್ತದೆ. ವರ್ತಕರು ಅದನ್ನು ಹೊಸೂರಿಗೆ ತರಿಸಿಕೊಳ್ಳದೆ ಬೆಂಗಳೂರಿನಲ್ಲಿರುವ ತಮ್ಮ ಗಿರಾಕಿಗೇ ನೇರವಾಗಿ ತಲುಪಿಸಲು ಸೂಚಿಸುತ್ತಾರೆ. ಸರಕು ಕರ್ನಾಟಕದ ಗಡಿಯನ್ನು ದಾಟುವುದೇ ಇಲ್ಲ. ಹಾಗಾದರೆ ಬಿಲ್ಲಿನಲ್ಲಿ ಯಾವ ತೆರಿಗೆ ಹಾಕಬೇಕು?

ಸರಕು ಎಲ್ಲಿಗೆ ಹೋಯಿತೆಂದು ನೋಡುವ ಪ್ರೋಗ್ರಾಮರ್ ಸಿಜಿಎಸ್‌ಟಿ 9,000, ಎಸ್‌ಜಿಎಸ್‌ಟಿ 9,000 ಎಂದು ಬರೆಯುತ್ತಾನೆ. ಆದರೆ ಐಜಿಎಸ್‌ಟಿ ಕಾಯಿದೆಯ 10(1)(ಬಿ) ಕಲಮಿನ ಪ್ರಕಾರ, ಮೂರನೆಯವರ ಸೂಚನೆಯಂತೆ ಸರಕನ್ನು ಇನ್ನೊಬ್ಬರಿಗೆ ತಲುಪಿಸಿದಾಗ ಸೂಚನೆ ಕೊಟ್ಟವರೇ ಸರಕು ಪಡೆದರೆಂದು ಭಾವಿಸಲಾಗುತ್ತದೆ. ಅವರ ಮುಖ್ಯ ವ್ಯವಹಾರ ಸ್ಥಳವೇ ಪೂರೈಕೆಯ ಸ್ಥಳ. ಇಲ್ಲಿ ಅದು ತಮಿಳುನಾಡು. ಆದ್ದರಿಂದ ಹಾಕಬೇಕಾದ್ದು ಐಜಿಎಸ್‌ಟಿ 18,000. ಎರಡೂ ಲೆಕ್ಕದಲ್ಲಿ ಬಿಲ್ಲಿನ ಮೊತ್ತ 1,18,000 ರೂಪಾಯಿಯೇ ಆಗುವುದರಿಂದ, ಮೊತ್ತವನ್ನಷ್ಟೇ ನೋಡುವ ಪರೀಕ್ಷಕನಿಗೆ ತಪ್ಪು ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಹೊಸೂರಿನವರು ಹೂಡುವಳಿ ತೆರಿಗೆಯ ಜಮೆ ಕೇಳಲು ಹೋದಾಗ. ಕರ್ನಾಟಕದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅವರ ಲೆಕ್ಕಕ್ಕೆ ಬಾರದು. ಮಾರಿದವರು ಸರಿಯಾದ ಶೀರ್ಷಿಕೆಯಲ್ಲಿ ತೆರಿಗೆಯನ್ನು ಮತ್ತೆ ಕಟ್ಟಿ, ತಪ್ಪಾಗಿ ಕಟ್ಟಿದ್ದನ್ನು ಮರುಪಾವತಿಗೆ ಕೇಳಬೇಕಾಗುತ್ತದೆ. ಇದಕ್ಕೆ ಬಡ್ಡಿ ಇಲ್ಲವೆಂದು ಕಾಯಿದೆ ಹೇಳುವುದೇನೋ ನಿಜ, ಆದರೆ ಅಷ್ಟು ದಿನ ದುಡಿಯುವ ಬಂಡವಾಳ ಸಿಕ್ಕಿಕೊಂಡಿರುತ್ತದೆ.

ಇದನ್ನೇ ಆರ್ಡರಿನಲ್ಲಿ ಹೀಗೆ ಬರೆಯಬಹುದು:

ಹೀಗಿರುವಾಗ: ನಮ್ಮ ನೋಂದಣಿ ಕರ್ನಾಟಕದಲ್ಲಿದೆ (29). ಕೊಳ್ಳುವವರ ಜಿಎಸ್‌ಟಿ ಸಂಖ್ಯೆ 33ರಿಂದ ಆರಂಭವಾಗುತ್ತದೆ. ಅವರ ಸೂಚನೆಯಂತೆ ಸರಕು ತಲುಪಬೇಕಾದ ಬೇರೊಬ್ಬರ ವಿಳಾಸ ಬೆಂಗಳೂರಿನಲ್ಲಿದೆ. ಸರಕಿನ ಬೆಲೆ 1,00,000 ರೂಪಾಯಿ, ತೆರಿಗೆ ಶೇ. 18.

ಹೀಗೆ ಮಾಡಿದರೆ: ಗುಮಾಸ್ತರು ಬಿಲ್ ತಯಾರಿಸಿದರೆ,

ಹೀಗಾಗಬೇಕು: ಪೂರೈಕೆಯ ಸ್ಥಳ ತಮಿಳುನಾಡು ಎಂದಿರಬೇಕು. ಐಜಿಎಸ್‌ಟಿ 18,000 ಎಂದಿರಬೇಕು. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಮೊತ್ತಗಳು ಇರಕೂಡದು. ಸರಕು ತಲುಪಿಸುವ ಬೆಂಗಳೂರಿನ ವಿಳಾಸ ಪ್ರತ್ಯೇಕವಾಗಿ ಮುದ್ರಿತವಾಗಬೇಕು.

ಕೊನೆಯ ಭಾಗದಲ್ಲಿ ‘ಸರಿಯಾದ ತೆರಿಗೆ’ ಎಂಬ ಮಾತೇ ಇಲ್ಲದಿರುವುದನ್ನು ಓದುಗರು ಗಮನಿಸಬೇಕು. ಅಲ್ಲಿರುವುದೆಲ್ಲ ಕಾಗದದ ಮೇಲೆ ಬೆರಳಿಟ್ಟು ‘ಇದೆ’ ಅಥವಾ ‘ಇಲ್ಲ’ ಎನ್ನಬಹುದಾದ ವಿಷಯಗಳು. ಇರಕೂಡದ್ದನ್ನು ಬರೆಯುವುದೂ ಇರಬೇಕಾದ್ದನ್ನು ಬರೆಯುವಷ್ಟೇ ಅಗತ್ಯ.

ಉದಾಹರಣೆಗಳ ಆಯ್ಕೆ ಇದಕ್ಕಿಂತಲೂ ಮುಖ್ಯವಾದುದು. ಹೊಸೂರಿನವರಿಗೆ ಹೊಸೂರಿಗೇ ಸರಕು ಕಳುಹಿಸುವ ಉದಾಹರಣೆಯನ್ನು ಮಾತ್ರ ಬರೆದರೆ, ಕೊಳ್ಳುವವರ ನೋಂದಣಿಯನ್ನು ನೋಡುವ ತಂತ್ರಾಂಶವೂ ತಲುಪುವ ವಿಳಾಸವನ್ನು ನೋಡುವ ತಂತ್ರಾಂಶವೂ ಒಂದೇ ಉತ್ತರ ಕೊಡುತ್ತವೆ. ಎರಡು ತಿಳಿವಳಿಕೆಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿಯ ಉದಾಹರಣೆ ಬೇಕು. ಮೇಲಿನದು ಅಂತಹದು. ಅದರ ತಿರುವುಮುರುವೂ ಬೇಕು: ಕೊಳ್ಳುವವರು ಮೈಸೂರಿನವರು, ಅವರ ಸೂಚನೆಯಂತೆ ಸರಕು ಹೊಸೂರಿನ ಮತ್ತೊಬ್ಬರಿಗೆ. ಸರಕು ರಾಜ್ಯದ ಹೊರಗೆ ಹೋದರೂ ಇಲ್ಲಿ ಸಿಜಿಎಸ್‌ಟಿ 9,000, ಎಸ್‌ಜಿಎಸ್‌ಟಿ 9,000 ಬರಬೇಕು. ಈ ಎರಡನ್ನು ಜೊತೆಯಾಗಿ ಇಟ್ಟರೆ, ತಲುಪುವ ವಿಳಾಸವನ್ನು ಮಾತ್ರ ನೋಡುವ ತಂತ್ರಾಂಶ ಎರಡರಲ್ಲೂ ಸೋಲುತ್ತದೆ. ಹೀಗೆ ಚೆನ್ನಾಗಿ ಆರಿಸಿದ ಏಳೆಂಟು ಉದಾಹರಣೆಗಳು ಒಂದೇ ಬಗೆಯ ಐವತ್ತಕ್ಕಿಂತ ಮೇಲು.

ಇವನ್ನು ಆರಿಸಲು ಮೂವರು ಒಂದು ಗಂಟೆ ಒಟ್ಟಿಗೆ ಕುಳಿತರೆ ಸಾಕು: ನಮ್ಮ ಕಡೆಯಿಂದ ಬಿಲ್ ಬರೆಯುವವರು, ಪ್ರೋಗ್ರಾಮರ್ ಮತ್ತು ಪರೀಕ್ಷಕ. ಪರೀಕ್ಷಕನ ಕೆಲಸ “ಹಾಗಲ್ಲದಿದ್ದರೆ?” ಎಂದು ಕೇಳುತ್ತಲೇ ಇರುವುದು. ಕೊಳ್ಳುವವರಿಗೆ ನೋಂದಣಿಯೇ ಇಲ್ಲದಿದ್ದರೆ? ಬಿಲ್ ಆದ ಮೇಲೆ ವಿಳಾಸ ಬದಲಾದರೆ? ಉತ್ತರ ಹೊಳೆಯದ ಪ್ರಶ್ನೆಯನ್ನು ಬರೆದಿಟ್ಟು ಲೆಕ್ಕಪರಿಶೋಧಕರನ್ನು ಕೇಳಬೇಕೇ ವಿನಾ ಪ್ರೋಗ್ರಾಮರನ ಊಹೆಗೆ ಬಿಡಬಾರದು. ಈ ಸಭೆ ನಡೆಯಬೇಕಾದ್ದು ತಂತ್ರಾಂಶ ಬರೆಯುವ ಮೊದಲು. ಸಿದ್ಧವಾದ ತಂತ್ರಾಂಶವನ್ನು ನೋಡಿಕೊಂಡು ಆಮೇಲೆ ಬರೆದ ಉದಾಹರಣೆಗಳು ಅದರಲ್ಲಿರುವ ತಪ್ಪನ್ನೂ ನಕಲು ಮಾಡಿರುತ್ತವೆ.

ಬರೆಯುವಾಗ ಸಾಮಾನ್ಯವಾಗಿ ಆಗುವ ದೋಷವೊಂದಿದೆ. ಎರಡನೆಯ ಸಾಲಿನಲ್ಲಿ ‘ನೀಲಿ ಗುಂಡಿಯನ್ನು ಒತ್ತಿ, ಮೂರನೆಯ ಪಟ್ಟಿಯಲ್ಲಿ ರಾಜ್ಯವನ್ನು ಆರಿಸಿ’ ಎಂದು ಪರದೆಯ ವಿವರಗಳನ್ನೆಲ್ಲ ತುಂಬುತ್ತಾರೆ. ಪರದೆಯ ರೂಪ ಬದಲಾದೊಡನೆ ಆ ಬರಹ ನಿರುಪಯೋಗಿಯಾಗುತ್ತದೆ. ವ್ಯವಹಾರದ ಭಾಷೆಯಲ್ಲಿ ‘ಬಿಲ್ ತಯಾರಿಸಿದರೆ’ ಎಂದರೆ ಸಾಕು. ಅಲ್ಲಿ ಎರಡು ಕ್ರಿಯೆಗಳು ಬಂದಿದ್ದರೆ, ಅದು ಎರಡು ಉದಾಹರಣೆಗಳಾಗಿ ಒಡೆಯಬೇಕಾದುದೆಂದು ತಿಳಿಯಬೇಕು.

ಈ ವಾಕ್ಯಗಳನ್ನು ಗಣಕವೇ ಓದಿ ಪರೀಕ್ಷೆ ನಡೆಸುವ ಕುಕುಂಬರ್ ಎಂಬ ಸಾಧನವೂ ಇದೆ. ಅದರಲ್ಲಿ ಕನ್ನಡದ ಪದಗಳಿಗೂ ಅವಕಾಶವಿದೆ. ‘ವೆನ್’ ಎಂಬುದಕ್ಕೆ ಅಲ್ಲಿ ‘ಸ್ಥಿತಿಯನ್ನು’ ಎಂಬ ಪದವನ್ನು ಯಾಕೆ ಇಟ್ಟರೋ ತಿಳಿಯದು! ಸಣ್ಣ ಕೆಲಸಕ್ಕೆ ಆ ಸಾಧನದ ಅಗತ್ಯವಿಲ್ಲ. ಆರ್ಡರಿಗೆ ಲಗತ್ತಿಸಿದ ಎರಡು ಪುಟಗಳೇ ಸಾಕು. ಇನ್ನು, ತಂತ್ರಾಂಶ ಬಳಸಲು ಸುಲಭವೇ, ಪರದೆ ಅಚ್ಚುಕಟ್ಟಾಗಿದೆಯೇ ಎಂಬುದನ್ನು ಈ ಕ್ರಮದಿಂದ ಅಳೆಯುವುದು ಕಷ್ಟ. ಅದಕ್ಕೆ ಗುಮಾಸ್ತರನ್ನು ಒಂದು ದಿನ ಕೂರಿಸಿ ಕೆಲಸ ಮಾಡಿಸಿಯೇ ನೋಡಬೇಕು.

ಕೊನೆಯ ಕಂತನ್ನು ಈ ಎರಡು ಪುಟಗಳಿಗೇ ಕಟ್ಟಿಹಾಕಬೇಕೆಂಬುದು ನನ್ನ ಸಲಹೆ: ಪಟ್ಟಿಯಲ್ಲಿರುವ ಪ್ರತಿಯೊಂದು ಉದಾಹರಣೆಯೂ ನಮ್ಮ ಗಣಕದಲ್ಲಿ ನಡೆದು ತೋರಿದ ದಿನ ಹಣ ಪಾವತಿ. ಪಟ್ಟಿಯಲ್ಲಿಲ್ಲದ ಬೇಡಿಕೆ ಆಮೇಲೆ ಹೊಳೆದರೆ ಅದಕ್ಕೆ ಬೇರೆ ದರ ಕೊಡಲು ನಾವೂ ಸಿದ್ಧರಿರಬೇಕು. ಕಟ್ಟುಪಾಡು ಒಂದೇ ಕಡೆಗಿರಬಾರದು. ಹಣ ಕೊಟ್ಟ ಮೇಲೂ ಆ ಪುಟಗಳನ್ನು ಎಸೆಯಬೇಕಾಗಿಲ್ಲ. 2025ರ ಸೆಪ್ಟೆಂಬರ್ 22ರಂದು ಅನೇಕ ಸರಕುಗಳ ಜಿಎಸ್‌ಟಿ ದರ ಬದಲಾದಾಗ ಆಗಬೇಕಾಗಿದ್ದ ಕೆಲಸವೂ ಇದೇ: ಉದಾಹರಣೆಗಳಲ್ಲಿ ದರ ಮತ್ತು ಮೊತ್ತಗಳನ್ನು ತಿದ್ದಿ, ಆ ದಿನದ ಮೊದಲ ಬಿಲ್ ಹೊರಡುವ ಮುನ್ನ ಅವನ್ನೆಲ್ಲ ಮತ್ತೊಮ್ಮೆ ನಡೆಸಿ ನೋಡುವುದು.