ಟೋಟಲ್ ಸರಿ ಬಂತು ಅಂದ್ರೆ ಲೆಕ್ಕ ಸರಿ ಇದೆ ಅಂತಲ್ಲ

ನಮ್ಮ ಗಡಿ ಊರುಗಳಲ್ಲಿ ಓದಿದ ಹುಡುಗ ಹುಡುಗಿಯರ ಕೈಗೆ ಈಗೊಂದು ಹೊಸ ಕೆಲಸ ಬಂದಿದೆ. ಬಚತ್ ಗಟ್ಟಿನ ಕೈಬರಹದ ಪುಸ್ತಕ ತಂದು ಕೊಟ್ಟು, "ಫೋಟೋ ತೆಗೆದು ಚಾಟ್‌ಬಾಟ್‌ಗೆ ಹಾಕಪ್ಪಾ, ಎಕ್ಸೆಲ್ ಮಾಡಿ ಕೊಡು" ಅಂತಾರೆ. ಅದು ಅರ್ಧ ನಿಮಿಷದಲ್ಲಿ ಚಂದದ ಪಟ್ಟಿ ಕೊಡುತ್ತೆ. ಕೆಳಗೆ ಟೋಟಲ್ ಕೂಡ ಹೊಂದುತ್ತೆ. ಅಲ್ಲಿಗೆ ಕೆಲಸ ಮುಗೀತು ಅಂದುಕೊಳ್ಳೋದೇ ಅಪಾಯ ಅನ್ನೋದು ನನ್ನ ಅಭಿಪ್ರಾಯ. ಚಾಟ್‌ಬಾಟ್‌ನ ಟೈಪಿಸ್ಟ್ ಮಾಡಿಕೊಳ್ಳಿ, ಆಡಿಟರ್ ಮಾತ್ರ ಮಾಡಬೇಡಿ.

ಯಾಕೆ ಅಂತ ಒಂದು ಉದಾಹರಣೆ ಇಟ್ಟು ನೋಡೋಣ. ಅಕ್ಕಲಕೋಟೆ ಕಡೆಯ ಒಂದು ಗಟ್ಟಿನ ಪುಸ್ತಕ ಅಂತ ಇಟ್ಟುಕೊಳ್ಳಿ. ಒಂದೇ ಪುಟದಲ್ಲಿ ಕೆಲವು ಸಾಲು ಇಂಗ್ಲಿಷ್ ಅಂಕಿ, ಕೆಲವು ಸಾಲು ಮರಾಠಿ ಅಂಕಿ. ನಡುವೆ ಬರೆಯೋರು ಬದಲಾದರೆ ಹೀಗೇ ಆಗುತ್ತೆ. ಐದು ಮಂದಿ ಸಾಲದ ಅಸಲು ಕಟ್ಟಿದ್ದಾರೆ: 540, 150, 300, 200, 230. ಒಟ್ಟು 1,420.

ಮೊದಲನೇ ಸಾಲು ಮರಾಠಿ ಅಂಕಿಯಲ್ಲಿದೆ. ಕೈಬರಹದಲ್ಲಿ ಮರಾಠಿಯ ಐದು ಇಂಗ್ಲಿಷಿನ 4ರ ಹಾಗೆ ಕಾಣುತ್ತೆ, ಮರಾಠಿಯ ನಾಲ್ಕು ಮೇಲೆ ಬಾಯಿ ತೆರೆದ 8ರ ಹಾಗೆ. ಅಕ್ಕಪಕ್ಕದ ಸಾಲು ಇಂಗ್ಲಿಷಿನಲ್ಲಿ ಇದ್ದರೆ ಚಾಟ್‌ಬಾಟ್ ಇದನ್ನೂ ಇಂಗ್ಲಿಷ್ ಅಂತಲೇ ಓದಿ 540ನ್ನು 480 ಮಾಡಬಹುದು. ಅದರ ಪಟ್ಟಿ ಕೂಡಿದರೆ 1,360, ಪುಸ್ತಕದಲ್ಲಿ 1,420. ಅರವತ್ತು ರೂಪಾಯಿ ಕಮ್ಮಿ.

ಈಗ ಹೆಚ್ಚಿನವರು ಏನು ಮಾಡ್ತಾರೆ? "ಟೋಟಲ್ 1,420 ಬರಬೇಕು, ಸರಿಯಾಗಿ ನೋಡು" ಅಂತ ಟೈಪ್ ಮಾಡ್ತಾರೆ. ಎಡವೋದು ಇಲ್ಲೇ. ಉತ್ತರ ಎಷ್ಟು ಬರಬೇಕು ಅಂತ ನೀವೇ ಹೇಳಿಬಿಟ್ಟಿರಿ. ಈಗ ಅದು ಆ ಮೊತ್ತಕ್ಕೆ ಹೊಂದೋ ಹಾಗೆ ಯಾವುದೋ ಒಂದು ಅಂಕಿ ತಿದ್ದಬಹುದು. ಕೊನೆಯ 230ನ್ನು 290 ಮಾಡಿದರೆ ಸಾಕು, ಟೋಟಲ್ ಸರಿಯಾಗಿ 1,420. ಮೊದಲ ಸಾಲಿನ ಹೆಂಗಸು ಕಟ್ಟಿದ ಅರವತ್ತು ರೂಪಾಯಿ ಕೊನೆಯ ಸಾಲಿನವಳ ಲೆಕ್ಕಕ್ಕೆ ಹೋಯ್ತು. ಪಟ್ಟಿ ನೋಡಿದರೆ ಯಾರಿಗೂ ಗೊತ್ತಾಗಲ್ಲ. ಬಿ.ಕಾಂ. ಓದಿದವರಿಗೆ ಇದು ಗೊತ್ತಿರೋದೇ: ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿದರೆ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತೆ, ಲೆಕ್ಕ ಮಾತ್ರ ತಪ್ಪಾಗೇ ಇರುತ್ತೆ.

ಇದು ಮೋಸ ಅಲ್ಲ, ಅದು ಕೆಲಸ ಮಾಡೋ ರೀತಿಯೇ ಹಾಗೆ. ಚಿತ್ರದಿಂದ ಒಂದಿಷ್ಟು ಸುಳಿವು ತಗೊಂಡು, ಇಲ್ಲಿ ಏನು ಇರಬಹುದು ಅಂತ ಊಹಿಸಿ ಬರೆಯುತ್ತೆ. ಕೌಂಟರಿನಲ್ಲಿ ಕೂತ ನಮಗೆ ಚಲನ್‌ನ ಅಂಕಿ ತಿಳಿಯದಿದ್ದರೆ "ಇದು ಏಳೋ ಒಂದೋ?" ಅಂತ ಗ್ರಾಹಕರನ್ನೇ ಕೇಳ್ತೀವಿ. ಅದು ಎಷ್ಟೋ ಸಲ ಕೇಳೋದಿಲ್ಲ. ಅನುಮಾನ ಇದ್ದ ಕಡೆಯೂ ಇಲ್ಲದ ಕಡೆಯಷ್ಟೇ ಧೈರ್ಯವಾಗಿ ಬರೆದುಬಿಡುತ್ತೆ. ಹೆಸರಿಗೂ ಇದೇ ಗತಿ. ನಮ್ಮ ಕಡೆಯ ನೀಲವ್ವ ಅದರ ಕೈಯಲ್ಲಿ ನೀಲಮ್ಮ ಆಗಬಹುದು, ಯಾಕಂದ್ರೆ ಅದಕ್ಕೆ ಹೆಚ್ಚು ಪರಿಚಯ ಇರೋ ಹೆಸರು ಅದು. ಆಮೇಲೆ ಪಾಸ್‌ಬುಕ್ಕಿನ ಹೆಸರೇ ಬೇರೆ, ಪಟ್ಟಿಯ ಹೆಸರೇ ಬೇರೆ ಅಂತ ಆಕೆ ಬ್ಯಾಂಕಿಗೆ ಅಲೆಯಬೇಕು.

ಹಾಗಾದರೆ ಹೇಗೆ ಮಾಡಬೇಕು? ಮೊದಲು ಫೋಟೋ. ದೊಡ್ಡ ಫೋಟೋ ಹಾಕಿದರೆ ಎಷ್ಟೋ ಚಾಟ್‌ಬಾಟ್‌ಗಳು ಅದನ್ನು ಕುಗ್ಗಿಸಿಯೇ ನೋಡುತ್ತವೆ. ನಲವತ್ತು ಸಾಲಿನ ಪುಟ ಒಂದೇ ಫೋಟೋದಲ್ಲಿ ಇದ್ದರೆ ಒಂದೊಂದು ಅಂಕಿಯೂ ಸಾಸಿವೆ ಕಾಳಿನಷ್ಟಾಗುತ್ತೆ. ಪುಸ್ತಕದ ಗೆರೆ ಅಂಕಿಗೆ ಅಂಟಿಕೊಂಡು ಸೊನ್ನೆ ಆರಾಗಬಹುದು. ಅದಕ್ಕೆ ಎಂಟು ಹತ್ತು ಸಾಲಿಗೆ ಒಂದು ಫೋಟೋ, ನೇರ ಮೇಲಿಂದ, ಕೈ ನೆರಳು ಬೀಳದ ಹಾಗೆ ತೆಗೆಯಿರಿ. ಕಾಲಂಗಳ ತಲೆಬರಹ ಮೊದಲ ಫೋಟೋದಲ್ಲಿ ಮಾತ್ರ ಬರುತ್ತೆ, ಅದಕ್ಕೆ ಯಾವ ಕಾಲಂ ಏನು ಅಂತ ಪ್ರತಿ ಸಲ ಬರೆದು ತಿಳಿಸಿ.

ಎರಡನೆಯದು ಕೇಳೋ ರೀತಿ. ಹೀಗೆ ಟೈಪ್ ಮಾಡಬಹುದು: "ಇದರಲ್ಲಿ ಮರಾಠಿ ಅಂಕಿಯೂ ಇಂಗ್ಲಿಷ್ ಅಂಕಿಯೂ ಇವೆ. ಪ್ರತಿ ಸಾಲು ಯಾವ ಅಂಕಿಯಲ್ಲಿದೆ ಅಂತ ಪಕ್ಕದಲ್ಲಿ ಬರೆ. ಮೊತ್ತವನ್ನು ಇದ್ದ ಹಾಗೆ ಇಂಗ್ಲಿಷ್ ಅಂಕಿಯಲ್ಲಿ ನಕಲು ಮಾಡು, ಏನನ್ನೂ ತಿದ್ದಬೇಡ, ಕೂಡಬೇಡ. ಸ್ಪಷ್ಟ ಇಲ್ಲದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕು. ಖಾಲಿ ಇದ್ದ ಕಡೆ ಖಾಲಿ ಅಂತ ಬರೆ." ಈ ಕೊನೆಯ ಮಾತು ಬಿಡಬೇಡಿ. ಒಬ್ಬರು ಆ ತಿಂಗಳು ಕಟ್ಟದೆ ಜಾಗ ಖಾಲಿ ಬಿಟ್ಟಿದ್ದರೆ, ಅವರ ಕೆಳಗಿನವರ ದುಡ್ಡು ಒಂದು ಸಾಲು ಮೇಲೆ ಹತ್ತಿಬಿಡಬಹುದು. ಅಲ್ಲಿಂದ ಮುಂದೆ ಎಲ್ಲರ ಲೆಕ್ಕವೂ ಪಕ್ಕದವರ ಹೆಸರಿಗೆ. ಟೋಟಲ್ ಆಗಲೂ ಸರಿಯಾಗೇ ಬರುತ್ತೆ, ನೆನಪಿರಲಿ.

ಮೂರನೆಯದು ತಾಳೆ ನೋಡೋದು. ಇದನ್ನು ನೀವೇ ಮಾಡಬೇಕು. ಪುಟದ ಟೋಟಲ್ ಬಿಟ್ಟು ಸಾಲು ಸಾಲಿಗೆ ತಾಳೆ ನೋಡಿ. ಸಾಲದ ಪುಸ್ತಕದಲ್ಲಿ ಸಾಮಾನ್ಯವಾಗಿ ಹಿಂದಿನ ಬಾಕಿ, ಕಟ್ಟಿದ ಅಸಲು, ಉಳಿದ ಬಾಕಿ ಅಂತ ಮೂರು ಕಾಲಂ ಇರುತ್ತೆ. ಅವನ್ನು ಎಕ್ಸೆಲ್‌ನ ಬಿ, ಸಿ, ಡಿ ಕಾಲಂಗೆ ಹಾಕಿ, ಪಕ್ಕದಲ್ಲಿ ಈ ಸೂತ್ರ ಬರೆದು ಕೆಳಗಿನ ತನಕ ಎಳೆಯಿರಿ:

```
=B2-SUM(C2:D2)
```

ಎಲ್ಲ ಸಾಲಲ್ಲೂ ಸೊನ್ನೆ ಬರಬೇಕು. ನಮ್ಮ ಉದಾಹರಣೆಯ ಮೊದಲ ಸಾಲಿನಲ್ಲಿ ಹಿಂದಿನ ಬಾಕಿ 3,240, ಕಟ್ಟಿದ್ದು 540, ಉಳಿದದ್ದು 2,700 ಅಂತಿರಲಿ. 480 ಅಂತ ಓದಿದ್ದರೆ ಅಲ್ಲಿ 60 ಬರುತ್ತೆ. ಕೊನೆಯ ಸಾಲಿನಲ್ಲಿ 1,150, 230, 920. ಅಲ್ಲಿ 290 ಆಗಿದ್ದರೆ ಮೈನಸ್ 60. ಟೋಟಲ್ ಮುಚ್ಚಿಟ್ಟ ಎರಡು ತಪ್ಪೂ ಇಲ್ಲಿ ಹೆಸರು ಸಮೇತ ಹೊರಗೆ ಬಂದವು. ಸೊನ್ನೆ ಬರದ ಸಾಲನ್ನು ಮತ್ತೆ ಚಾಟ್‌ಬಾಟ್‌ಗೆ ಕೇಳಬೇಡಿ, ಪುಸ್ತಕ ತೆಗೆದು ಕಣ್ಣಲ್ಲೇ ನೋಡಿ.

ಕೆಲವು ಸಲ ಪುಸ್ತಕದಲ್ಲೇ ತಪ್ಪು ಇರುತ್ತೆ. ಅದನ್ನೂ ನೀವು ತಿದ್ದಬೇಡಿ. ಪಕ್ಕದಲ್ಲಿ ಗುರುತು ಹಾಕಿ ಗಟ್ಟಿನ ಸಭೆಗೆ ಕೊಡಿ, ಆ ಸದಸ್ಯೆಯ ಪಾಸ್‌ಬುಕ್ ತರಿಸಿ ಅವರೇ ತೀರ್ಮಾನ ಮಾಡಲಿ. ಹೆಸರುಗಳಿಗೆ ಸೂತ್ರ ಇಲ್ಲ. ಒಬ್ಬರು ಪುಸ್ತಕ ಜೋರಾಗಿ ಓದಬೇಕು, ಇನ್ನೊಬ್ಬರು ಪಟ್ಟಿಯಲ್ಲಿ ಟಿಕ್ ಹಾಕಬೇಕು, ಅಷ್ಟೇ.

ಇನ್ನೊಂದು ಮಾತು. ನೀವು ಹಾಕೋ ಫೋಟೋ ಬೇರೆ ಯಾರದ್ದೋ ಕಂಪ್ಯೂಟರಿಗೆ ಹೋಗುತ್ತೆ. ಆಧಾರ್ ನಂಬರ್, ಖಾತೆ ನಂಬರ್, ಸಹಿ ಇರೋ ಕಾಲಂ ಮೇಲೆ ಒಂದು ಕಾಗದ ಮುಚ್ಚಿಟ್ಟು ಫೋಟೋ ತೆಗೆಯಿರಿ. ಲೆಕ್ಕಕ್ಕೆ ಬೇಕಾಗಿರೋದು ಮೂರು ಕಾಲಂ ಮಾತ್ರ. ಹೆಸರಿನ ಬದಲು ಸಾಲಿನ ನಂಬರ್ ಕಾಣಿಸಿದರೂ ನಡೆಯುತ್ತೆ, ಹೆಸರನ್ನು ಆಮೇಲೆ ನೀವೇ ಟೈಪ್ ಮಾಡಿ. ಆಗ ನೀಲವ್ವ ನೀಲವ್ವಳಾಗೇ ಉಳೀತಾಳೆ.