ದತ್ತ ಮರೆಯಾದ ಚಿತ್ರ, ‘ಬಿಡಿಸಿ’ ಎಂಬ ಒಂದೇ ಮಾತು

ಹತ್ತನೇ ತರಗತಿಯ ವಿದ್ಯಾರ್ಥಿಯೊಬ್ಬ ಗಣಿತ ಪುಸ್ತಕದ ಚಿತ್ರವೊಂದರ ಫೋಟೋ ತೆಗೆದು ಮೇಷ್ಟ್ರ ವಾಟ್ಸ್‌ಆ್ಯಪ್‌ಗೆ ಕಳಿಸುತ್ತಾನೆ. ಅದರ ಕೆಳಗಿರುವುದು ‘ಬಿಡಿಸಿ’ ಎಂಬ ಒಂದೇ ಪದ. ಚಿತ್ರದಲ್ಲಿ ABC ತ್ರಿಭುಜವಿದೆ. AB ಬಾಹುವಿನ ಮೇಲೆ D, AC ಬಾಹುವಿನ ಮೇಲೆ E, ಅವೆರಡನ್ನೂ ಸೇರಿಸಿದ ಒಂದು ಗೆರೆ. AD ಪಕ್ಕದಲ್ಲಿ 1.5 ಸೆಂ.ಮೀ., AE ಪಕ್ಕದಲ್ಲಿ 1 ಸೆಂ.ಮೀ. ಎಂದು ಸ್ಪಷ್ಟವಾಗಿ ಓದಬಹುದು. ಎಡಬದಿಯಲ್ಲಿ 3 ಸೆಂ.ಮೀ. ಎಂಬುದೂ ಕಾಣುತ್ತದೆ, ಆದರೆ ಆ ಅಳತೆ ಎಲ್ಲಿಂದ ಎಲ್ಲಿಗೆ ಎಂದು ಹೇಳುವ ಜಾಗದ ಮೇಲೆ ಹೆಬ್ಬೆರಳು ಕೂತಿದೆ. EC ಪಕ್ಕದ ಗುರುತು ಪುಟದ ಮಡಿಕೆಯೊಳಗೆ ಹೋಗಿದೆ. ಚಿತ್ರದ ಮೇಲಿದ್ದ ಪ್ರಶ್ನೆಯ ಸಾಲು ಫೋಟೋದೊಳಗೆ ಬಂದೇ ಇಲ್ಲ. ಇಂಥ ಚಿತ್ರ ಕೈಗೆ ಬಂದಾಗ ಮೇಷ್ಟ್ರು ಊಹಿಸಿ ಬಿಡಿಸಬೇಕೆ, ಅಥವಾ ಮೊದಲು ತಿರುಗಿ ಕೇಳಬೇಕೆ ಎಂಬುದರಲ್ಲಿ ಅನುಭವಸ್ಥ ಶಿಕ್ಷಕರಲ್ಲೇ ಒಮ್ಮತವಿಲ್ಲ.

ಬಿಡಿಸಿಯೇ ಬಿಡಬೇಕು ಎನ್ನುವವರ ವಾದಕ್ಕೆ ಗಟ್ಟಿ ನೆಲೆಯಿದೆ. ಈ ಚಿತ್ರ ಯಾರಿಗೂ ಅಪರಿಚಿತವಲ್ಲ. ‘ತ್ರಿಭುಜಗಳು’ ಅಧ್ಯಾಯವನ್ನು ಪಾಠ ಮಾಡಿದವರಿಗೆ ನೋಡಿದ ಕೂಡಲೇ ಥೇಲ್ಸ್‌ನ ಪ್ರಮೇಯ ನೆನಪಾಗುತ್ತದೆ: ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ವಿಭಾಗಿಸುತ್ತದೆ. DE, BCಗೆ ಸಮಾಂತರ, 3 ಸೆಂ.ಮೀ. ಎಂಬುದು DB, ಕಂಡುಹಿಡಿಯಬೇಕಾದ್ದು EC. ಆಗ 1.5/3 = 1/EC, ಅಂದರೆ EC = 2 ಸೆಂ.ಮೀ. ಮೂರು ಸಾಲಿನಲ್ಲಿ ಲೆಕ್ಕ ಮುಗಿಯಿತು. ಒಂದೇ ಪದ ಬರೆದು ಕಳಿಸಿದ ಹುಡುಗನಿಗೆ ಬಹುಶಃ ತನಗೆ ಏನು ತಿಳಿದಿಲ್ಲ ಎಂದು ಹೇಳಲೂ ತಿಳಿದಿಲ್ಲ. ‘ದತ್ತವೇನು, ಸಾಧನೀಯವೇನು’ ಎಂದು ಅವನನ್ನೇ ಕೇಳಿದರೆ, ಅವನು ಎಡವಿದ ಜಾಗಕ್ಕೇ ಮತ್ತೆ ತಳ್ಳಿದಂತಾಗಬಹುದು. ಬಿಡಿಸಿದ ಲೆಕ್ಕ ಕಣ್ಣೆದುರಿಗಿದ್ದರೆ ‘ಸರ್, ಆ ಮೂರು ಇಡೀ ABಯದು’ ಎಂದು ತಿದ್ದುವುದಾದರೂ ಅವನಿಗೆ ಸಾಧ್ಯವಾಗುತ್ತದೆ. ಏನನ್ನಾದರೂ ನೋಡಿ ತಿದ್ದುವುದು ಶೂನ್ಯದಿಂದ ವಿವರಿಸುವುದಕ್ಕಿಂತ ಸುಲಭ ಎಂಬ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು.

ತಿರುಗಿ ಕೇಳಬೇಕು ಎನ್ನುವವರ ಆಕ್ಷೇಪವೂ ಅಷ್ಟೇ ತೂಕದ್ದು. 3 ಸೆಂ.ಮೀ. ಇಡೀ ABಯ ಅಳತೆಯಾಗಿದ್ದರೆ DB 1.5 ಆಗುತ್ತದೆ, EC 1 ಆಗುತ್ತದೆ. ಎರಡೂ ಉತ್ತರಗಳು ಸಮನಾಗಿ ಚೊಕ್ಕವಾಗಿವೆ. ಉತ್ತರ ಪೂರ್ಣಾಂಕ ಬಂತು, ಹಾಗಾಗಿ ಸರಿ ಇರಬೇಕು ಎಂಬ ಪರೀಕ್ಷಾ ಕೊಠಡಿಯ ನಂಬಿಕೆ ಇಲ್ಲಿ ನೆರವಿಗೆ ಬರುವುದಿಲ್ಲ. ತಪ್ಪು ಓದಿನಿಂದ ಬಂದ ಉತ್ತರ ತಪ್ಪೆಂದು ತಾನಾಗಿ ಹೇಳಿಕೊಳ್ಳುವುದಿಲ್ಲ. ಮೇಷ್ಟ್ರ ಮೇಲೆ ಭರವಸೆಯಿಟ್ಟ ವಿದ್ಯಾರ್ಥಿ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಮುಂದೆ ಹೋಗುತ್ತಾನೆ.

ಇದಕ್ಕಿಂತ ಗಂಭೀರವಾದದ್ದು ಸಮಾಂತರದ ಪ್ರಶ್ನೆ. DE, BCಗೆ ಸಮಾಂತರ ಎಂಬುದನ್ನು ಈ ಫೋಟೋದಲ್ಲಿ ಯಾರೂ ಹೇಳಿಲ್ಲ. ಆ ಮಾತು ಇರಬಹುದಾದದ್ದು ಬಿಟ್ಟುಹೋದ ಸಾಲಿನಲ್ಲಿ. ಇದೇ ಬಗೆಯ ಚಿತ್ರಕ್ಕೆ ತೀರಾ ಬೇರೆ ಪ್ರಶ್ನೆಯನ್ನೂ ಕೇಳುವುದುಂಟು. PQR ತ್ರಿಭುಜದ PQ ಮೇಲೆ E, PR ಮೇಲೆ F ಇವೆ, PE 3.9, EQ 3, PF 3.6, FR 2.4 ಸೆಂ.ಮೀ.; EF, QRಗೆ ಸಮಾಂತರವೇ ಎಂದು ಪರೀಕ್ಷಿಸಬೇಕು. 3.9/3 ಅಂದರೆ 1.3, 3.6/2.4 ಅಂದರೆ 1.5. ಅನುಪಾತಗಳು ಸಮವಲ್ಲ, ಆದ್ದರಿಂದ ಸಮಾಂತರವಲ್ಲ. ಈಗ 2.4 ಎಂಬುದು ಬೆರಳಿನಡಿ ಮರೆಯಾಗಿದೆ ಎಂದುಕೊಳ್ಳಿ. ಊಹೆಯ ಮೇಷ್ಟ್ರು ಸಮಾಂತರವೆಂದೇ ಹಿಡಿದು FR ಸುಮಾರು 2.77 ಎಂದು ‘ಕಂಡುಹಿಡಿಯುತ್ತಾರೆ’. ಇಲ್ಲಿ ಕೆಟ್ಟಿರುವುದು ಒಂದು ಸಂಖ್ಯೆ ಮಾತ್ರವಲ್ಲ. ಯಾವುದನ್ನು ಪರೀಕ್ಷಿಸಬೇಕಿತ್ತೋ ಅದನ್ನೇ ದತ್ತವೆಂದು ಒಪ್ಪಿಕೊಂಡಾಯಿತು. ರೇಖಾಗಣಿತದಲ್ಲಿ ಇದು ಸಣ್ಣ ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ ಕೂಡ.

ಚಿತ್ರವನ್ನೇ ಅಳೆದು ನೋಡಿದರಾಯಿತಲ್ಲ ಎಂದು ಮೊದಲ ಪಕ್ಷದವರು ಕೆಲವೊಮ್ಮೆ ಹೇಳುತ್ತಾರೆ. ಈ ದಾರಿ ಅಷ್ಟು ಭದ್ರವಲ್ಲ. ಪುಸ್ತಕದ ಚಿತ್ರಗಳು ಪ್ರಮಾಣಕ್ಕೆ ಸರಿಯಾಗಿಯೇ ಇರಬೇಕೆಂದಿಲ್ಲ. ಜೊತೆಗೆ, ಫೋನನ್ನು ಓರೆಯಾಗಿ ಹಿಡಿದಾಗ ಸಮಾಂತರ ಗೆರೆಗಳು ಒಂದು ಕಡೆಗೆ ಕೂಡುತ್ತಾ ಹೋಗುತ್ತವೆ, ಕೋನಗಳು ಬದಲಾಗುತ್ತವೆ, ಒಂದೇ ಗೆರೆಯ ಮೇಲಿನ ತುಂಡುಗಳ ಅನುಪಾತವೂ ಉಳಿಯುವುದಿಲ್ಲ. ಪುಟ ಸಪಾಟಾಗಿದ್ದರೆ ನೇರ ಗೆರೆ ನೇರವಾಗಿ ಉಳಿಯುತ್ತದೆ. ಮಡಿಕೆಯ ಬಳಿ ಬಾಗಿದ್ದರೆ ಅದೂ ಇಲ್ಲ. ಆದ್ದರಿಂದ ಫೋಟೋದಿಂದ ನಂಬಬಹುದಾದದ್ದು ಯಾವ ಬಿಂದು ಯಾವ ಗೆರೆಯ ಮೇಲಿದೆ, ಯಾವುದರ ನಡುವೆ ಇದೆ ಎಂಬಷ್ಟೇ. 3 ಎಂಬ ಅಂಕಿ D ಮತ್ತು B ನಡುವೆ ಬಾಹುವಿಗೆ ಅಂಟಿಕೊಂಡಿದೆಯೇ, ಅಥವಾ ಸ್ವಲ್ಪ ಹೊರಗೆ, ಎರಡು ತುದಿಗೂ ಬಾಣವಿರುವ ಗೆರೆಯೊಂದಿಗೆ ಇದೆಯೇ ಎಂದು ನೋಡುವುದು ಅಳೆಯುವುದಕ್ಕಿಂತ ಹೆಚ್ಚು ಉಪಯುಕ್ತ.

ಆದರೂ ಪ್ರತಿ ಮಸುಕಿಗೂ ಪ್ರಶ್ನೆ ಕೇಳುತ್ತಾ ಕೂರುವುದಕ್ಕೂ ಬೆಲೆ ತೆರಬೇಕಾಗುತ್ತದೆ. ನಾಳೆ ಪರೀಕ್ಷೆ ಎಂದಿರುವ ರಾತ್ರಿ ಒಂದು ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಹುಡುಗ ಪುಸ್ತಕ ಮುಚ್ಚಿರಬಹುದು. ಇನ್ನೂ ಮುಖ್ಯವಾಗಿ, ಮರೆಯಾದದ್ದು ಏನೇ ಇದ್ದರೂ ಬದಲಾಗದ ಭಾಗವೊಂದು ಹಲವು ಚಿತ್ರಗಳಲ್ಲಿ ಇರುತ್ತದೆ, ಕೇಳುವ ಅವಸರದಲ್ಲಿ ಅದನ್ನು ಬಿಟ್ಟುಬಿಡುತ್ತೇವೆ. ಸಮಾಂತರ ಎಂಬುದು ಗೊತ್ತಿದ್ದು, AD 1.5, DB 3 ಎಂದು ಖಚಿತವಾಗಿ, AEಯ ಅಳತೆ ಮಾತ್ರ ಮರೆಯಾಗಿದ್ದರೆ ECಯ ಉದ್ದ ಸಿಗದು ನಿಜ. ಆದರೆ AE : EC = 1 : 2, DE : BC = 1 : 3, ADE ಮತ್ತು ABC ತ್ರಿಭುಜಗಳ ವಿಸ್ತೀರ್ಣಗಳ ಅನುಪಾತ 1 : 9 ಎಂಬಿಷ್ಟನ್ನು ಯಾವ ಊಹೆಯೂ ಇಲ್ಲದೆ ಹೇಳಬಹುದು. ಅಷ್ಟನ್ನು ಬರೆದು ಕಳಿಸಿದರೆ, ಕಾಣದ ಅಂಕಿ ಸಿಕ್ಕಾಗ ಉಳಿಯುವುದು ಒಂದು ಗುಣಾಕಾರ.

ಇವೆಲ್ಲವನ್ನೂ ತೂಗಿದಾಗ, ಮರೆಯಾದದ್ದು ಯಾವ ಜಾತಿಯದು ಎಂಬುದರ ಮೇಲೆ ನಿರ್ಧಾರ ನಿಲ್ಲಬೇಕು ಎನಿಸುತ್ತದೆ. ಅದು ಸಂಖ್ಯೆಯನ್ನು ಮಾತ್ರ ಬದಲಿಸುವಂಥದ್ದಾದರೆ ಬಿಡಿಸುವುದೇ ಮೇಲು. ಆದರೆ ‘ದತ್ತ’ ಎಂಬ ಶೀರ್ಷಿಕೆಯಡಿ ‘3 ಸೆಂ.ಮೀ. DBಯ ಅಳತೆಯೆಂದು ಓದಿದ್ದೇನೆ. ಇಡೀ ABಯದಾದರೆ EC 1 ಸೆಂ.ಮೀ.’ ಎಂದು ಮೊದಲ ಸಾಲಿನಲ್ಲೇ ಬರೆಯಬೇಕು, ಕೊನೆಯಲ್ಲಿ ಅಲ್ಲ. ಮರೆಯಾದದ್ದು ಪ್ರಶ್ನೆಯ ಸ್ವರೂಪವನ್ನೇ ಬದಲಿಸುವಂಥದ್ದಾದರೆ, ಅಂದರೆ ಸಮಾಂತರವು ದತ್ತವೋ ಸಾಧನೀಯವೋ ಎಂದು ತಿಳಿಯದಿದ್ದರೆ, ಉತ್ತರ ಕೊಡುವ ಮೊದಲು ಆ ಒಂದನ್ನು ಮಾತ್ರ ಕೇಳುವುದು ಒಳ್ಳೆಯದು. ‘ಪೂರ್ತಿ ಫೋಟೋ ಕಳಿಸು’ ಎಂಬುದಕ್ಕಿಂತ ‘ಚಿತ್ರದ ಮೇಲಿನ ಸಾಲಿನಲ್ಲಿ ಸಮಾಂತರ ಎಂದು ಕೊಟ್ಟಿದ್ದಾರೆಯೇ ನೋಡು’ ಎಂಬ ಪ್ರಶ್ನೆಗೆ ಬೇಗ ಉತ್ತರ ಬರುತ್ತದೆ; ದತ್ತವನ್ನು ಎಲ್ಲಿ ಹುಡುಕಬೇಕೆಂದು ಹುಡುಗನಿಗೂ ತಿಳಿಯುತ್ತದೆ. ಈ ಎರಡು ಬಗೆಗಳ ನಡುವಿನ ಗೆರೆ ಎಲ್ಲ ಲೆಕ್ಕಗಳಲ್ಲೂ ಇಷ್ಟು ಸ್ಪಷ್ಟವಾಗಿ ಕಾಣದಿರಬಹುದು. ಸಂದೇಹವಿದ್ದಲ್ಲಿ ನಾನು ಕೇಳುವ ಕಡೆಗೇ ವಾಲುತ್ತೇನೆ.

ಫೋಟೋ ಕಳಿಸುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಚಿತ್ರದ ಜೊತೆಗೆ ಅದರ ಮೇಲಿನ ಪ್ರಶ್ನೆಯ ಸಾಲೂ ಫೋಟೋದಲ್ಲಿ ಬರಲಿ, ಪುಟ ಹಿಡಿದ ಬೆರಳು ಅಂಚಿನಲ್ಲಿರಲಿ.